ಆಂಗ್ಲ ಬರವಣಿಗೆಯಲ್ಲಿ ನಾಲ್ಕು ಲ್ಯಾಟಿನ್ ಸಂಕ್ಷೇಪಗಳು

ಗಡಿಭಾಗದ ಶಿಕ್ಷಕನು ಮೂರು ಭಾಷೆಗಳ ಕಾಗದಗಳನ್ನು ಓದಬೇಕಾಗುತ್ತದೆಂಬುದನ್ನು ಈ ಸಂಚಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ. ಪಾಠ ಕನ್ನಡದಲ್ಲಿ, ಕಚೇರಿಯ ವ್ಯವಹಾರ ಮರಾಠಿಯಲ್ಲಿ, ಕಾಯಿದೆ ಕಟ್ಟಳೆಗಳ ಮೂಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಈ ಇಂಗ್ಲಿಷ್ ಕಾಗದಗಳಲ್ಲಿ ದೊಡ್ಡ ದೊಡ್ಡ ಶಬ್ದಗಳು ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಅವುಗಳಿಗೆ ಕೋಶವಿದೆ. ಕಾಡುವವು ಎರಡು ಮೂರು ಅಕ್ಷರಗಳ ಪುಟ್ಟ ಗುರುತುಗಳು: ‘ಇ.ಜಿ.’, ‘ಐ.ಇ.’, ‘ವಿಜ್.’, ‘ಎಟ್ಸೆಟ್ರಾ’. ಇವನ್ನು ನಾವು ಓದುವಾಗ ಕಣ್ಣು ಹಾಯಿಸಿ ದಾಟುತ್ತೇವೆ. ಬರೆಯುವಾಗ ಒಂದರ ಬದಲು ಇನ್ನೊಂದನ್ನು ಹಾಕುತ್ತೇವೆ. ಆದರೆ ಒಂದು ಯಾದಿಯ ಹಿಂದೆಯೋ ಮುಂದೆಯೋ ಇವುಗಳಲ್ಲಿ ಯಾವುದು ಕುಳಿತಿದೆ ಎಂಬುದರ ಮೇಲೆ ಆ ಯಾದಿಯ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದು ನಿರ್ಧಾರವಾಗುತ್ತದೆ. ಈ ಲೇಖನದಲ್ಲಿ ನಾವು ನೋಡಬೇಕೆಂದಿರುವುದು ಇದನ್ನೇ.

ಮೊದಲು ಒಂದು ಕಲ್ಪಿತ ಸುತ್ತೋಲೆಯನ್ನು ತೆಗೆದುಕೊಳ್ಳೋಣ. ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ವಾಸಸ್ಥಳದ ಆಧಾರ ಲಗತ್ತಿಸಬೇಕೆಂದು ಅದರಲ್ಲಿ ಬರೆದಿದೆ. ಅದರ ಮುಂದೆ ‘ರೇಶನ್ ಕಾರ್ಡು, ವಿದ್ಯುತ್ ಬಿಲ್ಲು’ ಎಂಬ ಎರಡು ಹೆಸರುಗಳಿವೆ. ಊರ ಹೊರಗೆ ಹೊಲದ ವಸತಿಯಲ್ಲಿರುವ ಒಬ್ಬ ಹುಡುಗನ ಮನೆಗೆ ವಿದ್ಯುತ್ತು ಬಂದಿಲ್ಲ. ರೇಶನ್ ಕಾರ್ಡು ಇನ್ನೂ ಅಜ್ಜನ ಹೆಸರಿನಲ್ಲಿದೆ. ತಂದೆಯ ಹತ್ತಿರ ಇರುವುದು ಮತದಾರರ ಗುರುತಿನ ಚೀಟಿ ಮಾತ್ರ. ಈ ಅರ್ಜಿಯನ್ನು ಮುಖ್ಯಾಧ್ಯಾಪಕರು ಮುಂದೆ ಕಳಿಸಬಹುದೋ ಕಳಿಸಬಾರದೋ?

ಉತ್ತರವು ಆ ಎರಡು ಹೆಸರುಗಳ ಹಿಂದಿರುವ ಗುರುತಿನಲ್ಲಿದೆ. ಅಲ್ಲಿ ‘ಇ.ಜಿ.’ ಎಂದಿದ್ದರೆ ಅವೆರಡೂ ಬರಿಯ ಉದಾಹರಣೆಗಳು. ಅವುಗಳಂತೆ ವಾಸಸ್ಥಳವನ್ನು ತೋರಿಸುವ ಬೇರೆ ಯಾವ ಕಾಗದವೂ ನಡೆಯುತ್ತದೆ. ಮತದಾರರ ಚೀಟಿಯನ್ನು ತಿರಸ್ಕರಿಸಲು ಆ ವಾಕ್ಯದಲ್ಲಿ ಆಧಾರವಿಲ್ಲ. ಅಲ್ಲಿ ‘ವಿಜ್.’ ಎಂದಿದ್ದರೆ ಸುತ್ತೋಲೆಯು ಆಧಾರಗಳನ್ನು ಎಣಿಸಿ ಹೇಳಿ ಮುಗಿಸಿತು, ಮೂರನೆಯದಕ್ಕೆ ಜಾಗವಿಲ್ಲ. ‘ಐ.ಇ.’ ಎಂದಿದ್ದರೂ ಬಾಗಿಲು ಮುಚ್ಚಿದಂತೆಯೇ. ವಾಸಸ್ಥಳದ ಆಧಾರವೆಂದರೆ ಇವೇ ಎಂದು ಅದು ಅರ್ಥ ಹೇಳಿಬಿಟ್ಟಿತು. ಹಿಂದೆ ಏನೂ ಇರದೆ ಕೊನೆಯಲ್ಲಿ ‘ಎಟ್ಸೆಟ್ರಾ’ ಇದ್ದರೆ ಇನ್ನೂ ಕೆಲವು ಇವೆಯೆಂದು ಗೊತ್ತಾಗುತ್ತದೆ, ಆದರೆ ಅವು ಯಾವುವೆಂಬುದನ್ನು ಓದುವವನ ತಿಳಿವಳಿಕೆಗೆ ಬಿಟ್ಟಂತಾಯಿತು. ಕಾಗದ ಅದೇ, ಹೆಸರುಗಳು ಅವೇ. ಹುಡುಗನ ಅರ್ಜಿಯ ಗತಿ ಮಾತ್ರ ಬೇರೆ. ಬರೆದ ಗುಮಾಸ್ತನು ಮನಸ್ಸಿನಲ್ಲಿ ‘ಉದಾಹರಣೆಗೆ’ ಎಂದುಕೊಂಡು ಕೈಯಲ್ಲಿ ‘ಐ.ಇ.’ ಎಂದು ಬರೆದಿದ್ದರೆ, ಅವನು ಬಯಸದ ಕಟ್ಟಳೆಯೊಂದು ಅವನ ಲೇಖನಿಯಿಂದ ಹುಟ್ಟಿತು. ವಾಸ್ತವದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವ ತಪ್ಪೂ ಇದೇ.

ಇನ್ನು ಒಂದೊಂದರ ಮೂಲವನ್ನು ನೋಡುವುದು ಯುಕ್ತ. ‘ಇ.ಜಿ.’ ಎಂಬುದು ಲ್ಯಾಟಿನ್ನಿನ ‘ಎಕ್ಸೆಂಪ್ಲಿ ಗ್ರಾಟಿಯಾ’ ಎಂಬೆರಡು ಶಬ್ದಗಳ ಮೊದಲಕ್ಷರಗಳು. ದೃಷ್ಟಾಂತದ ಸಲುವಾಗಿ ಎಂದರ್ಥ. ನಮ್ಮ ‘ಉದಾಹರಣೆಗೆ’ ಎಂಬಲ್ಲಿಯ ‘ಗೆ’ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ‘ಗ್ರಾಟಿಯಾ’ ಮಾಡುತ್ತದೆ. ‘ಐ.ಇ.’ ಎಂಬುದು ‘ಇದ್ ಎಸ್ಟ್’, ಎಂದರೆ ‘ಅದು ಇದೆ’ ಅಥವಾ ‘ಅದೇ ಇದು’. ಈ ‘ಎಸ್ಟ್’ ಸಂಸ್ಕೃತದ ‘ಅಸ್ತಿ’ಯ ಸೋದರ ರೂಪವೆಂಬುದನ್ನು ತಿಳಿದರೆ ಅರ್ಥ ಮರೆಯುವಂತಿಲ್ಲ.

‘ಎಟ್ಸೆಟ್ರಾ’ದಲ್ಲಿ ‘ಎಟ್’ ಎಂದರೆ ‘ಮತ್ತು’. ‘ಸೆಟೆರಾ’ ಎಂದರೆ ಉಳಿದವು. ಆದ್ದರಿಂದ ಅದರ ಹಿಂದೆ ಮತ್ತೆ ‘ಆ್ಯಂಡ್’ ಸೇರಿಸುವುದು ಪುನರುಕ್ತಿ. ನಮ್ಮ ಕಡೆಗೆ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಬಳಕೆಯಲ್ಲಿರುವ ‘ವಗೈರೆ’ ಎಂಬ ಶಬ್ದದ ಕಥೆಯೂ ಹೀಗೆಯೇ ಇದೆ. ಅದು ಅರಬ್ಬಿಯಿಂದ ಪಾರಸಿಯ ಮೂಲಕ ಬಂದದ್ದು. ಅದರ ಮೊದಲಿನ ‘ವ’ ಕಾರಕ್ಕೆ ‘ಮತ್ತು’ ಎಂದೇ ಅರ್ಥ. ‘ಮತ್ತು ವಗೈರೆ’ ಎಂದು ಯಾರೂ ಹೇಳುವುದಿಲ್ಲ. ಕಿವಿಗೆ ಅದು ಹಿಡಿಸದು. ಇಂಗ್ಲಿಷಿನಲ್ಲಿ ಮಾತ್ರ ಆ ಕಿವಿ ನಮಗೆ ಬಂದಿಲ್ಲ. ಹಾಗೆಯೇ ‘ಎಟ್’ ಎಂಬಲ್ಲಿಯ ಟಕಾರವನ್ನು ಮರೆತವರು ‘ಎಕ್ಸೆಟ್ರಾ’ ಎಂದು ಉಚ್ಚರಿಸುತ್ತಾರೆ, ಸಂಕ್ಷೇಪದಲ್ಲಿ ಟಿ, ಸಿ ಅಕ್ಷರಗಳನ್ನು ಹಿಂದುಮುಂದು ಮಾಡಿ ಬರೆಯುತ್ತಾರೆ. ಮೊದಲ ಶಬ್ದ ‘ಎಟ್’ ಎಂದು ಒಮ್ಮೆ ಹೇಳಿಕೊಟ್ಟರೆ ಎರಡು ತಪ್ಪುಗಳೂ ಒಟ್ಟಿಗೆ ಹೋಗುತ್ತವೆ.

‘ಸೆಟೆರಾ’ ನಪುಂಸಕಲಿಂಗದ ಬಹುವಚನ. ಅಂದಮೇಲೆ ಅದು ವಸ್ತುಗಳಿಗೆ ಹೊಂದುವ ಮಾತು. ಕನ್ನಡದಲ್ಲಿ ನಾವು ‘ಮುಂತಾದವು’, ‘ಮುಂತಾದವರು’ ಎಂದು ಬೇರೆ ಮಾಡಿ ಹೇಳುತ್ತೇವಷ್ಟೆ. ಪಂಪ, ರನ್ನ, ಜನ್ನರ ಹೆಸರು ಹೇಳಿ ‘ಮುಂತಾದವು’ ಎಂದರೆ ಕೇಳಿದವರು ನಗುತ್ತಾರೆ. ಇಂಗ್ಲಿಷಿನಲ್ಲಿ ಮನುಷ್ಯರ ಹೆಸರುಗಳ ತುದಿಗೆ ‘ಎಟ್ಸೆಟ್ರಾ’ ಹಾಕುವುದು ಸಭ್ಯವಲ್ಲವೆನಿಸುವುದಕ್ಕೆ ಇದೇ ಕಾರಣ. ಗ್ರಂಥಕರ್ತರ ವಿಷಯದಲ್ಲಿ ‘ಮತ್ತು ಇತರರು’ ಎಂದು ಹೇಳಲು ಅಲ್ಲಿ ‘ಎಟ್ ಆ್ಯಲ್.’ ಎಂಬ ಬೇರೆ ಸಂಕ್ಷೇಪವೇ ಇದೆ.

ನಾಲ್ಕರಲ್ಲಿ ಹೆಚ್ಚು ವಿಚಿತ್ರವಾದದ್ದು ‘ವಿಜ್.’. ಇದರ ಮೂಲ ‘ವಿಡೆಲಿಸೆಟ್’ ಎಂಬ ಲ್ಯಾಟಿನ್ ಶಬ್ದ. ಅದೂ ‘ನೋಡಲು ಅಪ್ಪಣೆಯುಂಟು’ ಎಂಬರ್ಥದ ಎರಡು ಮಾತು ಕೂಡಿ ಆದದ್ದು. ಈ ಶಬ್ದದಲ್ಲಿ ಎಲ್ಲಿಯೂ ಜೆಡ್ ಅಕ್ಷರವಿಲ್ಲ. ಮತ್ತೆ ಸಂಕ್ಷೇಪದಲ್ಲಿ ಅದು ಎಲ್ಲಿಂದ ಬಂತು? ಮಧ್ಯಯುಗದ ಯುರೋಪಿನ ಪ್ರತಿಕಾರರು ಶ್ರಮವುಳಿಸಲು ಶಬ್ದದ ಕೊನೆಯಲ್ಲಿ ಬರುವ ‘ಎಟ್’ ಎಂಬುದರ ಬದಲು 3 ಎಂಬ ಅಂಕಿಯನ್ನು ಹೋಲುವ ಒಂದು ಬಾಲದ ಚಿಹ್ನೆಯನ್ನು ಹಾಕುತ್ತಿದ್ದರು. ‘ವಿಡೆಲಿಸೆಟ್’ ಎಂಬುದರ ಮೊದಲ ಎರಡಕ್ಷರ ಬರೆದು ಆ ಬಾಲ ಎಳೆದರೆ ಮುಗಿಯಿತು. ಮುಂದೆ ಅಚ್ಚಿನ ಮೊಳೆಗಳು ಬಂದಾಗ ಆ ಚಿಹ್ನೆಗೆ ಸರಿಯಾದ ಮೊಳೆ ಇಲ್ಲದಲ್ಲಿ, ರೂಪದಲ್ಲಿ ಅದನ್ನು ಹೋಲುವ ಜೆಡ್ಡನ್ನು ಜೋಡಿಸಿದರು. ಓಲೆಗರಿಯ ಲಿಪಿಕಾರರ ಕೈಬರಹವನ್ನು ಓದಿ ಬಲ್ಲವರಿಗೆ ಇಂಥದು ಹೊಸದಲ್ಲ. ಆದ್ದರಿಂದ ಓದುವಾಗ ‘ವಿಜ್’ ಎಂದು ಉಚ್ಚರಿಸುವ ರೂಢಿ ಇಂಗ್ಲಿಷ್ ಬಲ್ಲವರಲ್ಲಿ ಕಡಿಮೆ. ‘ನೇಮ್‌ಲಿ’ ಎಂದು ಓದುವುದು ಸಾಮಾನ್ಯ. ಶುದ್ಧಲೇಖನ ಹೇಳುವಾಗ ನಾವೂ ಹಾಗೆಯೇ ಓದಬೇಕು. ‘ಇ.ಜಿ.’ ಇದ್ದಲ್ಲಿ ‘ಫಾರ್ ಎಗ್ಜಾಂಪಲ್’ ಎಂದೂ ‘ಐ.ಇ.’ ಇದ್ದಲ್ಲಿ ‘ದ್ಯಾಟ್ ಈಸ್’ ಎಂದೂ ಓದಿದರೆ ಮಕ್ಕಳಿಗೆ ಅರ್ಥವು ಧ್ವನಿಯೊಡನೆಯೇ ಬರುತ್ತದೆ.

‘ಐ.ಇ.’ ಮತ್ತು ‘ವಿಜ್.’ ಎರಡೂ ಬಾಗಿಲು ಮುಚ್ಚುವವೇ ಆದರೆ ಅವುಗಳಲ್ಲಿ ಭೇದವೇನು? ‘ಐ.ಇ.’ ಹಿಂದೆ ಹೇಳಿದ ಮಾತನ್ನೇ ಬೇರೆ ಮಾತಿನಲ್ಲಿ ತಿರುಗಿ ಹೇಳುತ್ತದೆ. ಅದರ ಎಡಬಲಗಳು ತಕ್ಕಡಿಯ ಎರಡು ತಟ್ಟೆಗಳಂತೆ ಸಮ. ಎಡದ್ದನ್ನು ತೆಗೆದು ಬಲದ್ದನ್ನು ಅಲ್ಲಿಟ್ಟರೆ ವಾಕ್ಯದ ಅರ್ಥ ಕೆಡಬಾರದು. ‘ವಿಜ್.’ ಹಾಗಲ್ಲ. ಹಿಂದೆ ಒಟ್ಟಾಗಿ ಸೂಚಿಸಿದ್ದನ್ನು ಅದು ಬಿಡಿಬಿಡಿಯಾಗಿ ಹೆಸರಿಸುತ್ತದೆ. ಅದರ ಹಿಂದೆ ಹಲವು ಸಲ ಸಂಖ್ಯೆಯೇ ಇರುತ್ತದೆ: ‘ಮೂರು ಲಿಂಗಗಳು, ವಿಜ್. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ’. ಎಣಿಸಿದರೆ ಲೆಕ್ಕ ಸರಿಹೋಗಬೇಕು. ಇಲ್ಲಿ ಒಂದು ಸೂಕ್ಷ್ಮವುಂಟು. ಮೇಲಿನ ಸುತ್ತೋಲೆಯಲ್ಲಿ ‘ಎರಡು ಆಧಾರಗಳನ್ನು, ವಿಜ್.’ ಎಂದಿದ್ದರೆ ಎರಡನ್ನೂ ಲಗತ್ತಿಸಬೇಕಾಗುತ್ತಿತ್ತು. ಸಂಖ್ಯೆ ಇಲ್ಲದಿದ್ದರೆ ಒಂದು ಸಾಕೋ ಎರಡೂ ಬೇಕೋ ಎಂಬುದನ್ನು ‘ವಿಜ್.’ ತಾನಾಗಿ ಹೇಳದು.

‘ಐ.ಇ.’ಗೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ ಶೇಗಾಂವವೆಂದೊಡನೆ ಹೆಚ್ಚಿನವರ ಮನಸ್ಸು ಗಜಾನನ ಮಹಾರಾಜರ ಕ್ಷೇತ್ರವಾದ ಬುಲಢಾಣಾ ಜಿಲ್ಲೆಯ ಶೇಗಾಂವದ ಕಡೆಗೆ ಹೋಗುತ್ತದೆ. ಆದಕಾರಣ ‘ನಮ್ಮ ಶೇಗಾಂವ, ಐ.ಇ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಶೇಗಾಂವ’ ಎಂದು ಬರೆಯಬೇಕಾಗುತ್ತದೆ. ಇಲ್ಲಿ ಎಡಬಲಗಳು ಒಂದೇ ಊರು. ಇದೇ ಜಾಗದಲ್ಲಿ ‘ಇ.ಜಿ.’ ಹಾಕಿದರೆ ನಮ್ಮ ಶೇಗಾಂವಗಳು ಹಲವಿದ್ದು ಅವುಗಳಲ್ಲಿ ಇದೊಂದು ಎಂದಾಗಿ ಮಾತು ನಗೆಗೀಡಾಗುತ್ತದೆ.

ಈ ಭೇದಗಳು ನಮ್ಮ ವ್ಯಾಕರಣ ಪರಂಪರೆಗೆ ಅಪರಿಚಿತವಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು ಪಾಠ ಮಾಡಿದವರಿಗೆ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮ ಗೊತ್ತಿದೆ. ವೃತ್ತಿಯು ಸೂತ್ರದ ಅರ್ಥವನ್ನೇ ಬಿಡಿಸಿ ಹೇಳುತ್ತದೆ, ಅದು ‘ಐ.ಇ.’ಯ ಸ್ಥಾನ. ಪ್ರಯೋಗವು ಸೂತ್ರಕ್ಕೆ ಕೆಲವು ಮಾದರಿಗಳನ್ನು ತೋರಿಸುತ್ತದೆ, ಅದು ‘ಇ.ಜಿ.’ಯ ಸ್ಥಾನ. ಪ್ರಯೋಗದಲ್ಲಿ ಬಂದ ಶಬ್ದಗಳಿಗೆ ಮಾತ್ರ ಸೂತ್ರ ಅನ್ವಯಿಸುತ್ತದೆಂದು ಯಾವ ವಿದ್ಯಾರ್ಥಿಯೂ ತಿಳಿಯುವುದಿಲ್ಲ. ಪಾಣಿನೀಯರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಸೂತ್ರದಲ್ಲಿ ಒಂದು ಶಬ್ದ ಹೇಳಿ ‘ಆದಿ’ ಎಂದುಬಿಟ್ಟಾಗ ಉಳಿದ ಶಬ್ದಗಳನ್ನು ಗಣಪಾಠದಲ್ಲಿ ನೋಡಬೇಕು. ಆ ಗಣಗಳಲ್ಲಿ ಕೆಲವು ಎಣಿಸಿ ಮುಗಿಸಿದವು. ಕೆಲವು ‘ಆಕೃತಿಗಣ’ಗಳು, ಎಂದರೆ ಅದೇ ಆಕೃತಿಯ ಬೇರೆ ಶಬ್ದ ಸಿಕ್ಕರೆ ಅದನ್ನೂ ಸೇರಿಸಿಕೊಳ್ಳಬಹುದಾದಂಥವು. ಮೊದಲನೆಯದು ‘ವಿಜ್.’, ಎರಡನೆಯದು ‘ಎಟ್ಸೆಟ್ರಾ’. ಆಕೃತಿಗಣವೆಂಬ ಹೆಸರೇ ‘ಎಟ್ಸೆಟ್ರಾ’ದ ನಿಯಮವನ್ನು ಹೇಳುತ್ತದೆ: ಹಿಂದಿನ ಹೆಸರುಗಳಿಗೆ ಒಂದು ಸಮಾನ ಆಕೃತಿ ಇರಬೇಕು. ‘ಜೋಳ, ಸಜ್ಜೆ, ಎಟ್ಸೆಟ್ರಾ’ ಎಂದರೆ ಉಳಿದವೂ ಧಾನ್ಯಗಳೆಂದು ಊಹಿಸಬಹುದು. ‘ಜೋಳ, ಸೈಕಲ್ಲು, ಎಟ್ಸೆಟ್ರಾ’ ಎಂದರೆ ಏನನ್ನು ಊಹಿಸುವುದು?

ಇನ್ನು ಈ ಮಾತಿಗೆ ಎಲ್ಲಕ್ಕಿಂತ ತೂಕವಿರುವ ಸ್ಥಳಕ್ಕೆ, ಎಂದರೆ ಶಾಸನಗಳಿಗೆ ಬರೋಣ. ಕಾಯಿದೆ ಬರೆಯುವವರು ಅದರ ಮೈಯಲ್ಲಿ ಈ ಲ್ಯಾಟಿನ್ ಸಂಕ್ಷೇಪಗಳಿಗಿಂತ ಪೂರ್ಣ ಇಂಗ್ಲಿಷ್ ಮಾತುಗಳನ್ನೇ ಮೆಚ್ಚುತ್ತಾರೆ. ಆದರೆ ನಾಲ್ಕು ಕೆಲಸಗಳೂ ಅಲ್ಲಿವೆ. ನಮ್ಮ ಸಂವಿಧಾನದ ಮೊದಲನೆಯ ಅನುಚ್ಛೇದವೇ ಇಂಡಿಯಾ ಎಂಬ ಹೆಸರಿನ ಪಕ್ಕದಲ್ಲಿ ‘ದ್ಯಾಟ್ ಈಸ್’ ಎಂದು ಹೇಳಿ ಭಾರತವೆಂಬ ಹೆಸರನ್ನಿಡುತ್ತದೆ. ಎರಡು ಹೆಸರು, ಒಂದೇ ದೇಶ. ಇದು ಶುದ್ಧವಾದ ‘ಐ.ಇ.’. ೧೯ನೆಯ ಅನುಚ್ಛೇದದ ಶೀರ್ಷಿಕೆಯಲ್ಲಿ ವಾಕ್‌ಸ್ವಾತಂತ್ರ್ಯವನ್ನು ಹೆಸರಿಸಿ ‘ಎಟ್ಸೆಟ್ರಾ’ ಎಂದು ಬರೆದಿದೆ. ಆದರೆ ಶೀರ್ಷಿಕೆಯ ಕೆಳಗೆ ಹೋದರೆ ಸ್ವಾತಂತ್ರ್ಯಗಳನ್ನು ಅಕ್ಷರ ಹಾಕಿ ಎಣಿಸಿ ಕೊಟ್ಟಿದೆ. ಮೊದಲು ಅವು ಏಳು ಇದ್ದವು. ಆಸ್ತಿಗೆ ಸಂಬಂಧಿಸಿದ ಹಕ್ಕನ್ನು ೧೯೭೮ರ ೪೪ನೆಯ ತಿದ್ದುಪಡಿಯಿಂದ ತೆಗೆದಮೇಲೆ ಆರಾದವು. ಶೀರ್ಷಿಕೆಯಲ್ಲಿ ‘ಎಟ್ಸೆಟ್ರಾ’ ಇರಬಹುದು, ಮೈಯಲ್ಲಿ ಇರಬಾರದು ಎಂಬ ವಿವೇಕವನ್ನು ನಾಗರಿಕಶಾಸ್ತ್ರದ ಪಾಠದಲ್ಲಿಯೇ ತೋರಿಸಬಹುದು. ‘ಇ.ಜಿ.’ಯ ಕೆಲಸವನ್ನು ೧೮೬೦ರ ಭಾರತೀಯ ದಂಡ ಸಂಹಿತೆಯಲ್ಲಿ ಕಲಮುಗಳ ಕೆಳಗೆ ಕೊಟ್ಟ ದೃಷ್ಟಾಂತಗಳು ಮಾಡುತ್ತಿದ್ದವು. ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ದೃಷ್ಟಾಂತಗಳ ಪದ್ಧತಿಯನ್ನು ಉಳಿಸಿಕೊಂಡಿದೆ. ದೃಷ್ಟಾಂತದಲ್ಲಿ ಹೇಳಿದ ಕಳವು ಮಾತ್ರ ಕಳವಲ್ಲವಷ್ಟೆ.

‘ವಿಜ್.’ ಮಾಡುವ ಕೆಲಸಕ್ಕೆ ಗಡಿಯ ವಾಚಕರಿಗೆ ಬಹು ಪರಿಚಿತವಾದ ನಿದರ್ಶನವಿದೆ. ಅದು ೧೯೫೬ರ ರಾಜ್ಯಗಳ ಪುನರ್ವಿಂಗಡಣೆಯ ಕಾಯಿದೆ. ಅದರ ೭ನೆಯ ಕಲಮು ಮೈಸೂರು ಎಂಬ ಹೊಸ ರಾಜ್ಯವು ಯಾವ ಪ್ರದೇಶಗಳಿಂದ ಕೂಡಿರುವುದೆಂದು ಹೇಳುತ್ತದೆ. ಪ್ರದೇಶಗಳ ಹೆಸರು ಬರುವ ಮೊದಲು ಅಲ್ಲಿರುವ ಮಾತು ‘ನೇಮ್‌ಲಿ’. ಆಮೇಲೆ ಯಾದಿ: ಅಂದಿನ ಮೈಸೂರು ರಾಜ್ಯ, ಮುಂಬಯಿ ರಾಜ್ಯದಿಂದ ಚಂದಗಡ ತಾಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆ, ಮತ್ತು ವಿಜಾಪುರ, ಧಾರವಾಡ, ಕಾರವಾರ ಕಡೆಯ ಕಾನಡಾ ಜಿಲ್ಲೆಗಳು, ಹೈದರಾಬಾದ ರಾಜ್ಯದಿಂದ ಕೆಲವು ತಾಲೂಕುಗಳನ್ನು ಬಿಟ್ಟು ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು, ಮದ್ರಾಸಿನಿಂದ ಕಾಸರಗೋಡು ತಾಲೂಕು ಮತ್ತು ಅಮಿನದೀವಿ ದ್ವೀಪಗಳನ್ನು ಬಿಟ್ಟು ದಕ್ಷಿಣ ಕನ್ನಡ, ಹಾಗೂ ಕೊಳ್ಳೇಗಾಲ ತಾಲೂಕು, ಕೊಡಗು. ಇಷ್ಟಕ್ಕೆ ಮುಗಿಯಿತು.

ಜತ್ತ ಸಂಸ್ಥಾನವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಮುಂದೆ ದಕ್ಷಿಣ ಸಾತಾರಾ ಜಿಲ್ಲೆಯ ಭಾಗವಾಗಿತ್ತು. ಆ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ೧೯೬೦ರಲ್ಲಿ ಬಂತು. ಮೇಲಿನ ಯಾದಿಯಲ್ಲಿ ದಕ್ಷಿಣ ಸಾತಾರಾ ಇಲ್ಲ. ಹೊಸ ಮುಂಬಯಿ ರಾಜ್ಯವನ್ನು ಹೇಳುವ ೮ನೆಯ ಕಲಮಿನಲ್ಲಿ ಹಳೆಯ ಮುಂಬಯಿಯಿಂದ ಹೊರಗಿಟ್ಟ ಪ್ರದೇಶಗಳನ್ನು ಹೆಸರಿಸಿದೆ. ಅಲ್ಲಿಯೂ ದಕ್ಷಿಣ ಸಾತಾರಾ ಇಲ್ಲ. ಎರಡು ಮುಚ್ಚಿದ ಯಾದಿಗಳ ನಡುವೆ ಶೇಗಾಂವದ ಸ್ಥಾನ ಹೀಗೆ ನಿಶ್ಚಿತವಾಯಿತು. ಆ ನಿರ್ಣಯದ ಗುಣದೋಷ ವಿಚಾರ ಈ ಲೇಖನದ್ದಲ್ಲ. ನಾವು ಗಮನಿಸಬೇಕಾದದ್ದು ಆ ಒಂದು ಮಾತಿನ ಬಲ. ಅಲ್ಲಿ ‘ನೇಮ್‌ಲಿ’ಯ ಬದಲು ‘ಫಾರ್ ಎಗ್ಜಾಂಪಲ್’ ಎಂದಿದ್ದರೆ, ಹೆಸರಿಸದ ಪ್ರತಿಯೊಂದು ತಾಲೂಕಿನ ಬಗ್ಗೆಯೂ ಇದು ಸೇರುತ್ತದೆಯೋ ಇಲ್ಲವೋ ಎಂದು ವಾದಿಸಲು ಅವಕಾಶವಿರುತ್ತಿತ್ತು. ‘ನೇಮ್‌ಲಿ’ ಇದ್ದುದರಿಂದ ಆ ವಾದಕ್ಕೆ ಕಾಯಿದೆಯ ಒಳಗೆ ಎಡೆಯಿಲ್ಲ. ಯಾದಿಯನ್ನು ಬದಲಿಸಬೇಕಾದರೆ ಸಂವಿಧಾನದ ೩ನೆಯ ಅನುಚ್ಛೇದದಂತೆ ಸಂಸತ್ತು ಇನ್ನೊಂದು ಕಾಯಿದೆಯನ್ನೇ ಮಾಡಬೇಕು.

ಇಂಥ ಮಾತುಗಳನ್ನು ನ್ಯಾಯಾಲಯ ಎಷ್ಟು ಬಿಗಿಯಾಗಿ ಓದುತ್ತದೆಂಬುದಕ್ಕೆ ತಮಿಳುನಾಡು ರಾಜ್ಯ ಮತ್ತು ಪ್ಯಾರೇಲಾಲ್ ಮಲ್ಹೋತ್ರಾ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ, ೧೯೭೬ರ ವರದಿಗಳಲ್ಲಿ ಅಚ್ಚಾದ ತೀರ್ಪು ಸಾಕ್ಷಿ. ಕೇಂದ್ರ ಮಾರಾಟ ತೆರಿಗೆ ಕಾಯಿದೆಯಲ್ಲಿ ಕಬ್ಬಿಣ ಮತ್ತು ಉಕ್ಕು ಎಂದು ಹೇಳಿ, ‘ದ್ಯಾಟ್ ಈಸ್ ಟು ಸೇ’ ಎಂದು ಬರೆದು, ಕೆಳಗೆ ಹಲವು ಸಾಮಾನುಗಳನ್ನು ಹೆಸರಿಸಿತ್ತು. ಒಂದು ಬಗೆಯ ಸಾಮಾನಿನ ಮೇಲೆ ತೆರಿಗೆ ಕೊಟ್ಟ ಮೇಲೆ ಅದರಿಂದ ಮಾಡಿದ ಇನ್ನೊಂದು ಸಾಮಾನಿನ ಮೇಲೆ ಮತ್ತೆ ತೆರಿಗೆ ಉಂಟೋ ಎಂಬುದು ಪ್ರಶ್ನೆ. ಆ ಮಾತು ಅರ್ಥವನ್ನು ಸ್ಪಷ್ಟಪಡಿಸಿ ನಿಲ್ಲಿಸುವುದಕ್ಕೆ ಬರುವಂಥದು, ಅರ್ಥವನ್ನು ಹಿಗ್ಗಿಸುವುದಕ್ಕಲ್ಲ. ಹಿಗ್ಗಿಸಬೇಕಾದಲ್ಲಿ ಸಾಮಾನ್ಯವಾಗಿ ‘ಇನ್‌ಕ್ಲೂಡ್ಸ್’ ಎಂಬ ಶಬ್ದವನ್ನು ಬಳಸುತ್ತಾರೆ ಎಂದು ನ್ಯಾಯಾಲಯ ಹೇಳಿತು. ಆದಕಾರಣ ಕೆಳಗೆ ಹೆಸರಿಸಿದ ಒಂದೊಂದು ಸಾಮಾನೂ ತೆರಿಗೆಯ ಮಟ್ಟಿಗೆ ಬೇರೆ ಬೇರೆ ವಸ್ತುವೆಂದು ತೀರ್ಮಾನವಾಯಿತು. ಶಾಲೆಯ ಕಾಗದದಲ್ಲಿ ಇಷ್ಟು ಹಣದ ಪ್ರಶ್ನೆ ಬಾರದಿರಬಹುದು, ಆದರೆ ಓದುವ ರೀತಿ ಇದೇ.

ಪ್ರಯೋಗದಲ್ಲಿ ಬರುವ ಇನ್ನೊಂದು ಸಾಮಾನ್ಯ ದೋಷವನ್ನು ಹೇಳಬೇಕು. ‘ಇ.ಜಿ.’ ಎಂದು ಆರಂಭಿಸಿ ಕೊನೆಯಲ್ಲಿ ‘ಎಟ್ಸೆಟ್ರಾ’ ಹಾಕುವುದು. ಉದಾಹರಣೆಗಳೆಂದಾಗಲೇ ಇನ್ನೂ ಇವೆಯೆಂದು ಹೇಳಿದಂತಾಯಿತು. ಅದನ್ನು ಎರಡನೆಯ ಸಲ ಹೇಳುವುದೇಕೆ? ಕನ್ನಡದಲ್ಲಿಯೂ ‘ಉದಾಹರಣೆಗೆ’ ಎಂದು ಹೊರಟು ‘ಇತ್ಯಾದಿ’ಯಲ್ಲಿ ಮುಗಿಸುವವರು ನಮ್ಮಲ್ಲಿ ಕಡಿಮೆಯಿಲ್ಲ, ‘ಇತ್ಯಾದಿ ಮುಂತಾದ’ ಎಂದು ಬರೆಯುವವರೂ ಇದ್ದಾರೆ. ‘ವಿಜ್.’ ಅಥವಾ ‘ಐ.ಇ.’ಯ ತರುವಾಯ ‘ಎಟ್ಸೆಟ್ರಾ’ ಹಾಕುವುದು ಇದಕ್ಕಿಂತ ಕೆಟ್ಟದ್ದು. ಅದು ಪುನರುಕ್ತಿಯಲ್ಲ, ವಿರೋಧ. ಮುಚ್ಚಿದ ಬಾಗಿಲನ್ನು ಅದೇ ಉಸಿರಿನಲ್ಲಿ ತೆರೆದಂತೆ.

ನಮ್ಮ ಭಾಗದ ಮಕ್ಕಳಿಗೆ ಇನ್ನೊಂದು ತೊಡಕುಂಟು. ಮರಾಠಿಯಲ್ಲಿ ‘ಇ.’ ಎಂದರೆ ‘ಇತ್ಯಾದಿ’; ಅದೇ ‘ಇ.’ ಇಯತ್ತೆಗೂ ಬರುತ್ತದೆ, ಸಕಾರ ಕೂಡಿದರೆ ಇಸವಿ ಸನ್ನಾಗುತ್ತದೆ. ಹೀಗಿರುವಲ್ಲಿ ಇಂಗ್ಲಿಷಿನ ‘ಇ.ಜಿ.’ ಎಂಬುದನ್ನು ಕೇಳಿದ ಹುಡುಗನಿಗೆ ಅದು ‘ಇತ್ಯಾದಿ’ಯ ಗುರುತೆಂದು ತೋರಿದರೆ ಆಶ್ಚರ್ಯವಿಲ್ಲ. ಮರಾಠಿಯ ‘ಉದಾ.’ ಎಂಬುದೇ ‘ಇ.ಜಿ.’ ಎಂದು ಜೋಡಿಸಿ ತೋರಿಸಿದರೆ ಗೊಂದಲ ನಿಲ್ಲುತ್ತದೆ.

ಚುಕ್ಕೆ ಅಲ್ಪವಿರಾಮಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಈ ನಾಲ್ಕರ ಹಿಂದೆ ಅಲ್ಪವಿರಾಮ ಬರುವುದು ರೂಢಿ. ‘ಇ.ಜಿ.’, ‘ಐ.ಇ.’ಗಳ ಮುಂದೆಯೂ ಅದನ್ನು ಹಾಕುವುದು ಅಮೇರಿಕೆಯವರ ಪದ್ಧತಿ. ಬ್ರಿಟನ್ನಿನವರು ಹಲವರು ಹಾಕುವುದಿಲ್ಲ. ಒಂದು ಬರಹದಲ್ಲಿ ಒಂದೇ ಪದ್ಧತಿ ಇದ್ದರೆ ಸಾಕು. ‘ಎಟ್ಸೆಟ್ರಾ’ದ ಸಂಕ್ಷೇಪ ವಾಕ್ಯದ ಕೊನೆಗೆ ಬಂದರೆ ಅದರ ಚುಕ್ಕೆಯೇ ಪೂರ್ಣವಿರಾಮ, ಎರಡು ಚುಕ್ಕೆ ಬೇಡ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇದೇ ಸಂಕ್ಷೇಪವು ‘ಆ್ಯಂಡ್’ ಎಂಬುದರ ಸುರುಳಿ ಚಿಹ್ನೆಯ ಪಕ್ಕದಲ್ಲಿ ಸಿ ಅಕ್ಷರವಿಟ್ಟ ರೂಪದಲ್ಲಿ ಕಾಣುತ್ತದೆ. ಆ ಸುರುಳಿಯೂ ಮೂಲತಃ ‘ಎಟ್’ ಎಂಬೆರಡು ಅಕ್ಷರಗಳನ್ನು ಕೂಡಿಸಿ ಬರೆದದ್ದೇ. ಬ್ರಿಟಿಷ್ ಸರಕಾರವಂತೂ ೨೦೧೬ರಲ್ಲಿ ತನ್ನ ಜಾಲತಾಣದ ಬರಹಗಳಿಂದ ‘ಇ.ಜಿ.’, ‘ಐ.ಇ.’, ‘ಎಟ್ಸೆಟ್ರಾ’ಗಳನ್ನು ಬಿಡಿಸಲು ನಿಶ್ಚಯಿಸಿತು. ಅಂಧರಿಗಾಗಿ ಪರದೆಯ ಬರಹವನ್ನು ಓದಿ ಹೇಳುವ ಯಂತ್ರಗಳಲ್ಲಿ ಕೆಲವು, ಚುಕ್ಕೆಯಿಲ್ಲದ ‘ಇಜಿ’ಯನ್ನು ಮೊಟ್ಟೆ ಎಂಬರ್ಥದ ‘ಎಗ್’ ಎಂದು ಓದುತ್ತಿದ್ದವಂತೆ.

ನಾವು ಬರೆಯುವ ಇಂಗ್ಲಿಷ್ ಅರ್ಜಿ, ವರದಿಗಳಲ್ಲಿಯೂ ಪೂರ್ಣ ಮಾತನ್ನೇ ಬರೆಯುವುದು ಲೇಸೆಂಬುದು ನಮ್ಮ ಅಭಿಪ್ರಾಯ. ‘ಫಾರ್ ಎಗ್ಜಾಂಪಲ್’ ಎಂದು ಬಿಡಿಸಿ ಬರೆಯುವವನ ಕೈ, ‘ದ್ಯಾಟ್ ಈಸ್’ ಎಂಬಲ್ಲಿಗೆ ತಪ್ಪಿ ಹೋಗುವುದು ಅಪರೂಪ. ಆದರೆ ಬಂದ ಕಾಗದದಲ್ಲಿ ಸಂಕ್ಷೇಪವಿದ್ದಾಗ ಅದನ್ನು ಬಿಡಿಸಿಯೇ ಓದಬೇಕು. ಹೊಲದ ವಸತಿಯ ಆ ಹುಡುಗನ ಅರ್ಜಿ ಮೇಜಿನ ಮೇಲಿದ್ದು, ಸುತ್ತೋಲೆಯಲ್ಲಿ ‘ಐ.ಇ.’ ಎಂದಿದ್ದು, ಅದು ‘ಇ.ಜಿ.’ ಇರಬೇಕಾಗಿತ್ತೆಂದು ಸಂಶಯ ಬಂದರೆ, ಅರ್ಜಿಯನ್ನು ಹಿಂದಿರುಗಿಸುವ ಮೊದಲು ಕಚೇರಿಗೆ ಒಂದು ಸಾಲು ಬರೆದು, ಹೇಳಿದ ಎರಡು ಆಧಾರಗಳು ಉದಾಹರಣೆಗಾಗಿಯೋ ಅಥವಾ ಅಷ್ಟೇ ಗ್ರಾಹ್ಯವೋ ಎಂದು ಲೇಖೀ ಉತ್ತರ ಕೇಳಬೇಕು.